ಒಂದು ಕಾರ್ಡಿಗೆ ಒಂದೇ ವಿಚಾರ: ರಕ್ತಪರಿಚಲನೆಯ ಪಾಠವನ್ನು ಮಿಂಚುಪಟ್ಟಿಗಳಾಗಿ ವಿಂಗಡಿಸುವ ಕ್ರಮ



ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪದವಿಪೂರ್ವ ತರಗತಿಗಳಲ್ಲಿ ಜೀವಶಾಸ್ತ್ರವನ್ನು ಬೋಧಿಸಿ ನಿವೃತ್ತನಾಗಿರುವ ನನ್ನನ್ನು ಈ ವೇದಿಕೆಗೆ ಬರಮಾಡಿಕೊಂಡು, ನನ್ನ ಇಷ್ಟದ ವಿಷಯವೊಂದನ್ನು ಕುರಿತು ಮಾತನಾಡಲು ಅವಕಾಶವಿತ್ತಿರುವ ತಮಗೆಲ್ಲರಿಗೂ ನಾನು ಋಣಿಯಾಗಿದ್ದೇನೆ. ನಾನು ಆರಿಸಿಕೊಂಡಿರುವ ವಿಷಯವು ಅಂಗೈಯಗಲದ ಒಂದು ಕಾಗದದ ತುಂಡಿಗೆ ಸಂಬಂಧಿಸಿದ್ದು. ಒಂದು ಬದಿಯಲ್ಲಿ ಪ್ರಶ್ನೆಯನ್ನೂ ಮತ್ತೊಂದು ಬದಿಯಲ್ಲಿ ಉತ್ತರವನ್ನೂ ಬರೆದುಕೊಂಡು, ವಿದ್ಯಾರ್ಥಿಯು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಬಳಸುವ ಫ್ಲ್ಯಾಶ್ ಕಾರ್ಡೇ ಅದು. ಶಿಕ್ಷಕರ ತರಬೇತಿ ಕಾಲೇಜುಗಳಲ್ಲಿ ಇದಕ್ಕೆ ಮಿಂಚುಪಟ್ಟಿ ಎಂಬ ಸೊಗಸಾದ ಹೆಸರುಂಟು. ಆದರೆ ಅಲ್ಲಿ ಅದು ಅಧ್ಯಾಪಕನು ತರಗತಿಯ ಮುಂದೆ ಕ್ಷಣಕಾಲ ಎತ್ತಿ ತೋರಿಸುವ ಬೋಧನೋಪಕರಣ. ನಾನು ಹೇಳಹೊರಟಿರುವುದು ವಿದ್ಯಾರ್ಥಿಯೇ ಪಾಠದಿಂದ ತನಗಾಗಿ ಬರೆದುಕೊಳ್ಳುವ ಕಾರ್ಡಿನ ಮಾತು. ವಿದ್ಯಾರ್ಥಿಗಳ ಬಾಯಲ್ಲಿರುವ ‘ಕಾರ್ಡು’ ಎಂಬ ಶಬ್ದವನ್ನೇ ಮುಂದಕ್ಕೂ ಬಳಸುತ್ತೇನೆ.

ವ್ಯಾಪ್ತಿಯನ್ನು ಮೊದಲೇ ತಿಳಿಸಿಬಿಡುವುದು ಯುಕ್ತ. ಪದವಿಪೂರ್ವದ ಮೊದಲ ವರ್ಷದಲ್ಲಿ ಬರುವ ರಕ್ತಪರಿಚಲನೆಯ ಪಾಠವೊಂದನ್ನೇ ನಾನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಒಂದು ಕಾರ್ಡಿನಲ್ಲಿ ಒಂದೇ ವಿಚಾರವಿರಬೇಕೆಂಬುದಕ್ಕೆ ಕಾರಣವೇನು, ‘ಒಂದು ವಿಚಾರ’ವೆಂಬುದನ್ನು ಗುರುತಿಸುವುದು ಹೇಗೆ, ಪುಸ್ತಕದ ಒಂದು ಖಂಡಿಕೆಯನ್ನು ಕಾರ್ಡುಗಳಾಗಿ ಬಿಡಿಸುವುದು ಹೇಗೆ, ಪ್ರಶ್ನೆಯ ಮಾತಿನಲ್ಲಿ ಎಂಥ ದೋಷಗಳು ನುಸುಳುತ್ತವೆ ಎಂಬಿವನ್ನು ಕ್ರಮವಾಗಿ ನೋಡಿ, ಕಡೆಯಲ್ಲಿ ಕಾರ್ಡುಗಳಿಂದ ಆಗದ ಕೆಲಸ ಯಾವುದೆಂಬುದನ್ನೂ ಹೇಳುತ್ತೇನೆ.

ಮೊದಲನೆಯದಾಗಿ, ಕಾರಣ. ಓದಿದ್ದನ್ನು ಮತ್ತೆ ಓದುವುದಕ್ಕಿಂತ, ಪುಸ್ತಕವನ್ನು ಮುಚ್ಚಿಟ್ಟು ನೆನಪಿನಿಂದ ಹೊರತೆಗೆಯಲು ಯತ್ನಿಸುವುದೇ ದೀರ್ಘಕಾಲದ ಸ್ಮರಣೆಗೆ ಹೆಚ್ಚು ಸಹಾಯಕವೆಂಬುದು ಇಂದು ಚೆನ್ನಾಗಿ ಸ್ಥಾಪಿತವಾದ ಸಂಗತಿ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಎರಡು ಪುಟ್ಟ ಗದ್ಯಖಂಡಗಳನ್ನು ಓದಲು ಕೊಟ್ಟಿದ್ದರು. ಒಂದು ಸೂರ್ಯನನ್ನು ಕುರಿತದ್ದು, ಮತ್ತೊಂದು ಕಡಲ ನೀರುನಾಯಿಯನ್ನು ಕುರಿತದ್ದು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ, ಓದಿದ್ದನ್ನು ನೆನಪಿನಿಂದ ಬರೆದು ನೋಡಿಕೊಂಡಿದ್ದವರು ಮುಂದಾದರು. ಕಾರ್ಡಿನ ಉಪಯುಕ್ತತೆಯೆಲ್ಲವೂ ಈ ಹೊರತೆಗೆಯುವ ಕ್ರಿಯೆಯಲ್ಲಿದೆ.

ಆದರೆ ಕಾರ್ಡಿನಲ್ಲಿ ಇನ್ನೊಂದು ಕ್ರಿಯೆಯೂ ಅಡಗಿದೆ. ಅದು ತೀರ್ಪು. ಉತ್ತರವನ್ನು ಮನಸ್ಸಿನಲ್ಲಿ ಹೇಳಿಕೊಂಡು ಕಾರ್ಡನ್ನು ತಿರುವಿದ ಕ್ಷಣದಲ್ಲಿ ವಿದ್ಯಾರ್ಥಿಯು ತನ್ನ ಉತ್ತರಕ್ಕೆ ತಾನೇ ನ್ಯಾಯಾಧೀಶನಾಗಿ ‘ಬಂತು’ ಅಥವಾ ‘ಬರಲಿಲ್ಲ’ ಎಂದು ನಿರ್ಣಯಿಸಬೇಕು. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಬರಹಗಾರನು 1972ರಲ್ಲಿ ಹೊರತಂದ ತನ್ನ ಪುಸ್ತಕದಲ್ಲಿ ವರ್ಣಿಸಿದ ಪೆಟ್ಟಿಗೆಯ ಕ್ರಮವನ್ನು ನೆನೆಯಿರಿ: ಪೆಟ್ಟಿಗೆಯಲ್ಲಿ ಕೆಲವು ಖಾನೆಗಳಿರುತ್ತವೆ, ಉತ್ತರ ಬಂದ ಕಾರ್ಡು ಮುಂದಿನ ಖಾನೆಗೆ ಸರಿದು, ಹೆಚ್ಚು ದಿನಗಳ ಅಂತರದ ಮೇಲೆ ಮತ್ತೆ ಕೈಗೆ ಬರುತ್ತದೆ, ಉತ್ತರ ಬಾರದ ಕಾರ್ಡು ಮೊದಲ ಖಾನೆಗೆ ಹಿಂದಿರುಗಿ ಬೇಗನೆ ಮತ್ತೆ ಎದುರಾಗುತ್ತದೆ. ಇಂದು ಫೋನಿನಲ್ಲಿ ಬಳಸುವ ಆಂಕಿಯಂಥ ತಂತ್ರಾಂಶಗಳು ದಿನಗಳ ಲೆಕ್ಕವನ್ನು ಸೂಕ್ಷ್ಮವಾಗಿ ಮಾಡುತ್ತವೆಯಾದರೂ ಮೂಲತತ್ತ್ವ ಅದೇ: ಕಾರ್ಡು ಇಡಿಯಾಗಿ ಚಲಿಸುತ್ತದೆ, ಒಂದೇ ತೀರ್ಪಿನಿಂದ ಚಲಿಸುತ್ತದೆ. ಅರ್ಧ ಕಾರ್ಡನ್ನು ಮುಂದಕ್ಕೂ ಅರ್ಧವನ್ನು ಹಿಂದಕ್ಕೂ ಕಳುಹಿಸುವ ಉಪಾಯವಿಲ್ಲ.

ಈಗ ಒಂದು ಕಾರ್ಡಿನಲ್ಲಿ ನಾಲ್ಕು ವಿಚಾರಗಳಿವೆಯೆಂದು ಭಾವಿಸೋಣ. ಮೂರು ಬಂದು ಒಂದು ಬಾರದಿದ್ದರೆ ವಿದ್ಯಾರ್ಥಿಯು ಏನು ಮಾಡಬೇಕು? ‘ಬಂತು’ ಎಂದರೆ, ಬಾರದ ವಿಚಾರವು ಬಂದವುಗಳ ನೆರಳಿನಲ್ಲಿ ಅವಿತುಕೊಂಡು ಮುಂದಿನ ಖಾನೆಗೆ ಹೋಗಿ, ಎರಡು ವಾರಗಳ ಕಾಲ ಯಾರ ಕಣ್ಣಿಗೂ ಬೀಳದೆ ಪೂರ್ತಿಯಾಗಿ ಅಳಿಸಿಹೋಗುತ್ತದೆ. ‘ಬರಲಿಲ್ಲ’ ಎಂದರೆ, ಚೆನ್ನಾಗಿ ಬಲ್ಲ ಮೂರನ್ನು ದಿನದಿನವೂ ಮತ್ತೆ ಹೇಳಿಕೊಳ್ಳುವ ಶ್ರಮ ತಪ್ಪದು. ಪೋಲಂಡಿನ ಪ್ಯೋತ್ರ್ ವೊಜ್ನ್ಯಾಕ್ 1999ರಲ್ಲಿ ಬರೆದ ನಿಯಮಗಳಲ್ಲಿ ‘ಕನಿಷ್ಠ ಮಾಹಿತಿಯ ತತ್ತ್ವ’ವೆಂದು ಕರೆದದ್ದು ಈ ತೊಡಕಿಗೆ ಪರಿಹಾರ: ಪ್ರತಿಯೊಂದು ಕಾರ್ಡನ್ನೂ ಸಾಧ್ಯವಾದಷ್ಟು ಸರಳಗೊಳಿಸು, ಜಟಿಲವಾದದ್ದನ್ನು ಬಿಡಿಬಿಡಿಯಾಗಿ ನೆನಪಿನಲ್ಲಿಡು ಎಂಬುದು ಅದರ ತಾತ್ಪರ್ಯ. ನನ್ನ ಅನುಭವದಲ್ಲಿ ಹೇಳುವುದಾದರೆ, ತೀರ್ಪು ನಿಸ್ಸಂದಿಗ್ಧವಾಗಿರುವುದೇ ಒಳ್ಳೆಯ ಕಾರ್ಡಿನ ಪ್ರಧಾನ ಲಕ್ಷಣ. ತಪ್ಪಿದಾಗ ಯಾವುದು ತಪ್ಪಿತೆಂದು ಕಾರ್ಡೇ ಬೆರಳಿಟ್ಟು ತೋರಿಸಬೇಕು.

ಇನ್ನು ಎರಡನೆಯ ಭಾಗಕ್ಕೆ ಬರುತ್ತೇನೆ. ‘ಒಂದು ವಿಚಾರ’ವೆಂದರೆ ಏನು? ಒಂದು ಪದವೇ, ಒಂದು ವಾಕ್ಯವೇ, ಪುಸ್ತಕದ ಒಂದು ಸಾಲೇ? ಇವಾವುವೂ ಅಲ್ಲ. ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಪರೀಕ್ಷೆ ಇದು: ಉತ್ತರದ ಎರಡು ಭಾಗಗಳಲ್ಲಿ ಒಂದನ್ನು ಮರೆತೂ ಇನ್ನೊಂದನ್ನು ನೆನಪಿನಲ್ಲಿಟ್ಟಿರುವುದು ಸಾಧ್ಯವಾದರೆ ಅವು ಎರಡು ವಿಚಾರಗಳು, ಸಾಧ್ಯವಿಲ್ಲವಾದರೆ ಒಂದೇ.

ಇದಕ್ಕೆ ಪಾಠದಿಂದಲೇ ಒಂದು ನಿದರ್ಶನವನ್ನು ಕೊಡುತ್ತೇನೆ. ನನ್ನ ಬಳಿ ಓದುತ್ತಿದ್ದ ಹುಡುಗಿಯೊಬ್ಬಳು ಬಹಳ ಶ್ರದ್ಧೆಯಿಂದ ಕಾರ್ಡುಗಳನ್ನು ಬರೆಯುತ್ತಿದ್ದಳು. ಅವುಗಳಲ್ಲಿ ಒಂದು ಕಾರ್ಡು ಮಾತ್ರ ತಿಂಗಳಾದರೂ ಮೊದಲ ಖಾನೆಯನ್ನು ಬಿಟ್ಟು ಕದಲಲಿಲ್ಲ. ಅದರ ಎದುರುಬದಿಯಲ್ಲಿ ‘ಪುಪ್ಪುಸಕ ಅಪಧಮನಿಯಲ್ಲಿ ಹರಿಯುವ ರಕ್ತ ಯಾವ ಬಗೆಯದು?’ ಎಂದೂ ಹಿಂಬದಿಯಲ್ಲಿ ‘ಆಮ್ಲಜನಕ ಕಡಿಮೆಯಿರುವ ರಕ್ತ’ ಎಂದೂ ಇತ್ತು. ನೋಡುವವರಿಗೆ ಇದು ಒಂದೇ ವಿಚಾರದ, ನಿರ್ದೋಷವಾದ ಕಾರ್ಡು. ಆದರೂ ಪ್ರತಿಸಲವೂ ಅವಳು ‘ಶುದ್ಧ ರಕ್ತ’ ಎಂದೇ ಉತ್ತರಿಸುತ್ತಿದ್ದಳು. ತಿರುವಿ ನೋಡಿ ಬೇಸರಪಡುತ್ತಿದ್ದಳು. ಮರುದಿನ ಮತ್ತೆ ಅದೇ ತಪ್ಪು. ಅವಳನ್ನು ಕೂರಿಸಿಕೊಂಡು ‘ಅಪಧಮನಿಯೆಂದರೇನಮ್ಮಾ?’ ಎಂದು ಕೇಳಿದೆ. ‘ಶುದ್ಧ ರಕ್ತವನ್ನು ಒಯ್ಯುವ ನಾಳ, ಸರ್’ ಎಂದಳು. ಕೆಳಗಿನ ತರಗತಿಗಳಲ್ಲೆಲ್ಲೋ ಕಲಿತ ಈ ತಪ್ಪು ಲಕ್ಷಣವು ಅವಳ ಮನಸ್ಸಿನಲ್ಲಿ ಬೇರೂರಿ ನಿಂತಿತ್ತು. ಅಪಧಮನಿಯು ಹೃದಯದಿಂದ ಹೊರಕ್ಕೆ ರಕ್ತವನ್ನೊಯ್ಯುವ ನಾಳ, ಅಭಿಧಮನಿಯು ಹೃದಯದತ್ತ ರಕ್ತವನ್ನು ತರುವ ನಾಳ; ರಕ್ತದಲ್ಲಿ ಆಮ್ಲಜನಕವು ಎಷ್ಟಿದೆಯೆಂಬುದು ಈ ಲಕ್ಷಣದೊಳಕ್ಕೆ ಬರುವುದೇ ಇಲ್ಲ. ಶರೀರದ ಉಳಿದ ಅಪಧಮನಿಗಳೆಲ್ಲ ಆಮ್ಲಜನಕಯುಕ್ತ ರಕ್ತವನ್ನೇ ಒಯ್ಯುವುದರಿಂದ ತಪ್ಪು ಲಕ್ಷಣವೂ ಬಹುಕಾಲ ಸರಿಯಾದ ಉತ್ತರಗಳನ್ನೇ ಕೊಡುತ್ತಿತ್ತು. ಪುಪ್ಪುಸಕ ಅಪಧಮನಿಯೊಂದೇ ಅದರ ಗುಟ್ಟನ್ನು ರಟ್ಟುಮಾಡಿತು.

ಆ ಒಂದು ಕಾರ್ಡಿನ ಕೆಳಗೆ ಮೂರು ವಿಚಾರಗಳು ಒಂದರ ಮೇಲೊಂದು ನಿಂತಿದ್ದವು: ಅಪಧಮನಿಯ ಲಕ್ಷಣವು ದಿಕ್ಕನ್ನು ಅವಲಂಬಿಸಿದೆ, ಪುಪ್ಪುಸಕ ಅಪಧಮನಿಯು ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಗಳಿಗೆ ಹೋಗುತ್ತದೆ, ಬಲ ಹೃತ್ಕುಕ್ಷಿಯಲ್ಲಿರುವುದು ಶರೀರದಿಂದ ಹಿಂದಿರುಗಿದ, ಆಮ್ಲಜನಕ ಕಡಿಮೆಯಾದ ರಕ್ತ. ಈ ಮೂರನ್ನೂ ಪ್ರತ್ಯೇಕ ಕಾರ್ಡುಗಳಾಗಿ ಬರೆಸಿದೆ. ಎರಡನೆಯದೂ ಮೂರನೆಯದೂ ಅವಳಿಗೆ ಮೊದಲ ದಿನವೇ ಬಂದುವು. ಮೊದಲನೆಯದು ನಾಲ್ಕೈದು ದಿನ ತಪ್ಪಿ, ಆಮೇಲೆ ನಿಂತಿತು. ಅದು ನಿಂತ ಮೇಲೆ ಹಳೆಯ ಕಾರ್ಡಿನ ಉತ್ತರವನ್ನು ಅವಳು ನೆನಪಿಟ್ಟುಕೊಳ್ಳಬೇಕಾಗಿಯೇ ಬರಲಿಲ್ಲ. ಅದು ತಾನಾಗಿಯೇ ಹುಟ್ಟಿಬರುತ್ತಿತ್ತು. ‘ಶುದ್ಧ ರಕ್ತ’, ‘ಅಶುದ್ಧ ರಕ್ತ’ ಎಂಬ ಮಾತುಗಳನ್ನು ಕಾರ್ಡಿನ ಮೇಲೆ ಬರೆಯಬಾರದೆಂದು ಅಂದಿನಿಂದ ತರಗತಿಯಲ್ಲಿ ನಿಯಮ ಮಾಡಿದೆ. ಆಮ್ಲಜನಕ ಕಡಿಮೆಯಾದ ರಕ್ತದಲ್ಲಿ ಕೊಳೆಯೇನೂ ಇಲ್ಲ. ಆ ಶಬ್ದವು ಮಾತ್ರ ಹಾಗೆಂದು ನಂಬಿಸುತ್ತದೆ.

ಒಂದೇ ವಿಚಾರವೆಂಬುದನ್ನು ಕುರಿತು ನಮ್ಮ ನಾಡಿನ ವಿದ್ಯಾರ್ಥಿಗಳಿಗೇ ವಿಶೇಷವಾಗಿ ಅನ್ವಯಿಸುವ ಒಂದು ಸಂಗತಿಯಿದೆ. ಅದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ತಮ್ಮ ಅನುಮತಿಯನ್ನು ಬೇಡುತ್ತೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಪೂರ್ವದಲ್ಲಿ ವಿಜ್ಞಾನವನ್ನು ಆರಿಸಿಕೊಂಡು, ಒಮ್ಮೆಗೇ ಇಂಗ್ಲಿಷ್ ಪಠ್ಯವನ್ನು ಎದುರಿಸುವ ಮಕ್ಕಳು ನಮ್ಮಲ್ಲಿ ಅಸಂಖ್ಯರು. ಅಂಥ ಹುಡುಗನೊಬ್ಬನ ಕಾರ್ಡಿನಲ್ಲಿ ‘ಟ್ರೈಕಸ್ಪಿಡ್ ವಾಲ್ವ್ ಎಲ್ಲಿದೆ?’ ಎಂಬ ಪ್ರಶ್ನೆಯಿದೆಯೆಂದುಕೊಳ್ಳಿ. ಅವನಿಗೆ ಉತ್ತರ ಬರಲಿಲ್ಲ. ಬಾರದಿದ್ದುದು ಜೀವಶಾಸ್ತ್ರವೋ ಭಾಷೆಯೋ? ಬಲ ಹೃತ್ಕರ್ಣಕ್ಕೂ ಬಲ ಹೃತ್ಕುಕ್ಷಿಗೂ ನಡುವೆ ಮೂರು ದಳಗಳ ಕವಾಟವಿದೆಯೆಂಬುದನ್ನು ಅವನು ಹತ್ತನೆಯ ತರಗತಿಯಿಂದಲೇ ಬಲ್ಲವನಾಗಿರಬಹುದು. ಟ್ರೈಕಸ್ಪಿಡ್ ಎಂದರೆ ತ್ರಿದಳವೆಂಬುದಷ್ಟೇ ತಿಳಿಯದೆ ಇದ್ದಿರಬಹುದು. ಕಾರ್ಡು ಈ ಎರಡನ್ನೂ ಒಂದಾಗಿ ಬೆಸೆದಿರುವುದರಿಂದ ಅವನು ತನ್ನನ್ನು ಹೃದಯದ ರಚನೆಯನ್ನೇ ಅರಿಯದವನೆಂದು ತೀರ್ಮಾನಿಸಿಕೊಂಡು ಎದೆಗುಂದುತ್ತಾನೆ. ಇಂಥ ತಪ್ಪು ತೀರ್ಮಾನದಿಂದ ವಿಜ್ಞಾನವನ್ನೇ ಬಿಟ್ಟು ಹೋದ ಮಕ್ಕಳನ್ನು ನಾನು ಕಂಡಿದ್ದೇನೆ. ಆ ನೋವು ನನ್ನಲ್ಲಿ ಇನ್ನೂ ಆರಿಲ್ಲ.

ಪರಿಹಾರವು ಕಷ್ಟದ್ದಲ್ಲ. ಭಾಷೆಯ ಕಾರ್ಡು ಬೇರೆ, ವಿಷಯದ ಕಾರ್ಡು ಬೇರೆ. ಒಂದು ಕಾರ್ಡಿನಲ್ಲಿ ‘ತ್ರಿದಳ ಕವಾಟಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?’ ಎಂದಿರಲಿ. ಇನ್ನೊಂದರಲ್ಲಿ ‘ಟ್ರೈಕಸ್ಪಿಡ್ ಎಂದರೆ ಕನ್ನಡದಲ್ಲಿ ಏನು?’ ಎಂದಿರಲಿ, ಏಕೆಂದರೆ ಪದವನ್ನು ಕಂಡು ಅರ್ಥವನ್ನು ಹೇಳುವುದೂ ಅರ್ಥವನ್ನು ಕಂಡು ಪದವನ್ನು ಹೇಳುವುದೂ ಒಂದೇ ಸಾಮರ್ಥ್ಯವಲ್ಲ, ಮೊದಲನೆಯದು ಬಂದು ಎರಡನೆಯದು ಬಾರದಿರುವುದು ನಿತ್ಯದ ಅನುಭವ. ಪ್ರಶ್ನೆಪತ್ರಿಕೆಯನ್ನು ಓದಲು ಒಂದು ಬೇಕು, ಉತ್ತರವನ್ನು ಬರೆಯಲು ಇನ್ನೊಂದು ಬೇಕು. ಕವಾಟವು ಎಲ್ಲಿದೆ, ಏನು ಮಾಡುತ್ತದೆ ಎಂಬ ವಿಷಯದ ಕಾರ್ಡುಗಳನ್ನು ಮೊದಮೊದಲು ಕನ್ನಡದಲ್ಲಿಯೇ ಬರೆದು, ಭಾಷೆಯ ಕಾರ್ಡುಗಳು ಎರಡು ಮೂರು ಖಾನೆ ದಾಟಿದ ಮೇಲೆ ಇಂಗ್ಲಿಷ್ ಪದಗಳನ್ನಿಟ್ಟು ಮತ್ತೆ ಬರೆದುಕೊಳ್ಳಬಹುದು. ಆಗ ಯಾವ ಕಾರ್ಡು ತಪ್ಪಿದರೂ ಯಾವ ಕಡೆಗೆ ಗಮನ ಕೊಡಬೇಕೆಂಬುದು ಸ್ಪಷ್ಟವಾಗುತ್ತದೆ.

ಈಗ ಮೂರನೆಯ ಭಾಗ. ಒಂದು ಖಂಡಿಕೆಯನ್ನು ತಮ್ಮೆದುರಿನಲ್ಲಿಯೇ ಬಿಡಿಸಿ ತೋರಿಸುತ್ತೇನೆ. ಹೃದಯದ ಬಡಿತದ ಶಬ್ದಗಳನ್ನು ಕುರಿತು ಪಾಠವು ಹೇಳುವುದರ ಸಾರ ಹೀಗಿದೆ: ಹೃತ್ಕುಕ್ಷಿಗಳು ಸಂಕುಚಿಸಲಾರಂಭಿಸಿದಾಗ ಅವುಗಳೊಳಗಿನ ಒತ್ತಡವೇರಿ, ರಕ್ತವು ಹೃತ್ಕರ್ಣಗಳತ್ತ ಹಿಮ್ಮರಳಲು ಯತ್ನಿಸುವುದರಿಂದ ತ್ರಿದಳ ಹಾಗೂ ದ್ವಿದಳ ಕವಾಟಗಳು ಮುಚ್ಚಿಕೊಳ್ಳುತ್ತವೆ, ಆಗ ಕೇಳುವುದು ‘ಲಬ್’ ಎಂಬ ಮೊದಲ ಶಬ್ದ. ಒತ್ತಡವು ಮತ್ತಷ್ಟು ಏರಿದಾಗ ಅರ್ಧಚಂದ್ರಾಕೃತಿಯ ಕವಾಟಗಳು ತೆರೆದು ರಕ್ತವು ಪುಪ್ಪುಸಕ ಅಪಧಮನಿಗೂ ಮಹಾಪಧಮನಿಗೂ ನುಗ್ಗುತ್ತದೆ. ಬಳಿಕ ಹೃತ್ಕುಕ್ಷಿಗಳು ಸಡಿಲಗೊಂಡು ಒತ್ತಡವಿಳಿದಾಗ, ಹಿಮ್ಮರಳುವ ರಕ್ತವು ಅರ್ಧಚಂದ್ರಾಕೃತಿಯ ಕವಾಟಗಳನ್ನು ಮುಚ್ಚಿಸುತ್ತದೆ; ಆಗ ಕೇಳುವುದು ‘ಡಬ್’ ಎಂಬ ಎರಡನೆಯ ಶಬ್ದ.

ಇದನ್ನೋದಿದ ವಿದ್ಯಾರ್ಥಿಯು ಸಾಮಾನ್ಯವಾಗಿ ಬರೆಯುವ ಕಾರ್ಡು ‘ಹೃದಯದ ಶಬ್ದಗಳು ಯಾವುವು, ಅವು ಹೇಗೆ ಉಂಟಾಗುತ್ತವೆ?’ ಎಂಬುದು. ಹಿಂಬದಿಯಲ್ಲಿ ಖಂಡಿಕೆಯೆಲ್ಲವೂ ಸಣ್ಣಕ್ಷರಗಳಲ್ಲಿ ತುಂಬಿರುತ್ತದೆ. ನಮ್ಮ ಪರೀಕ್ಷೆಯನ್ನು ಇದಕ್ಕೆ ಒಡ್ಡೋಣ. ಲಬ್ ಶಬ್ದವು ಯಾವ ಕವಾಟಗಳಿಂದ ಬರುತ್ತದೆಂಬುದನ್ನು ನೆನೆದೂ ಡಬ್ ಯಾವುದರಿಂದೆಂಬುದನ್ನು ಮರೆಯಬಹುದು. ಕವಾಟಗಳ ಹೆಸರನ್ನು ನೆನೆದೂ ಅವು ಮುಚ್ಚುವ ಕಾರಣವನ್ನು ಮರೆಯಬಹುದು. ಕಾರಣವನ್ನು ಬಲ್ಲವನೂ ಬಲಭಾಗದ ಕವಾಟ ತ್ರಿದಳವೋ ದ್ವಿದಳವೋ ಎಂದು ತಡವರಿಸಬಹುದು. ಸೀಳು ಎಲ್ಲೆಲ್ಲಿ ಬೀಳಬೇಕೆಂಬುದು ಇದರಿಂದಲೇ ಗೊತ್ತಾಗುತ್ತದೆ.

ಆದ್ದರಿಂದ ಮೊದಲ ಕಾರ್ಡು: ‘ಲಬ್ ಶಬ್ದವು ಯಾವ ಕವಾಟಗಳು ಮುಚ್ಚಿಕೊಳ್ಳುವಾಗ ಕೇಳುತ್ತದೆ?’ ಉತ್ತರವು ‘ಹೃತ್ಕರ್ಣ ಹೃತ್ಕುಕ್ಷಿಗಳ ನಡುವಿನ ಕವಾಟಗಳು’ ಎಂದಷ್ಟೇ. ಇಲ್ಲಿ ಒಂದು ಸೂಕ್ಷ್ಮವಿದೆ. ಉತ್ತರದಲ್ಲಿ ‘ತ್ರಿದಳ ಮತ್ತು ದ್ವಿದಳ’ ಎಂದು ಹೆಸರುಗಳನ್ನು ಬರೆದಿದ್ದರೆ ಕಾರ್ಡು ಮತ್ತೆ ಎರಡಾಗುತ್ತಿತ್ತು. ಹೆಸರೊಂದು ಬಾರದೆ ಹೋದವನು ಶಬ್ದದ ಕಾರಣವನ್ನೂ ಅರಿಯದವನೆಂದು ಎಣಿಕೆಯಾಗುತ್ತಿದ್ದನು. ಎರಡನೆಯ ಕಾರ್ಡು ಡಬ್ ಶಬ್ದದ್ದು; ಉತ್ತರ, ಅರ್ಧಚಂದ್ರಾಕೃತಿಯ ಕವಾಟಗಳು. ಮೂರನೆಯದು: ‘ಹೃತ್ಕುಕ್ಷಿಗಳು ಸಂಕುಚಿಸಲಾರಂಭಿಸಿದಾಗ ಅವುಗಳಿಗೂ ಹೃತ್ಕರ್ಣಗಳಿಗೂ ನಡುವಣ ಕವಾಟಗಳು ಮುಚ್ಚಿಕೊಳ್ಳುವುದೇಕೆ?’ ಹೃತ್ಕುಕ್ಷಿಯ ಒತ್ತಡವು ಹೃತ್ಕರ್ಣದ ಒತ್ತಡವನ್ನು ಮೀರುವುದರಿಂದ. ನಾಲ್ಕನೆಯದು ಅರ್ಧಚಂದ್ರಾಕೃತಿಯ ಕವಾಟಗಳು ಮುಚ್ಚಿಕೊಳ್ಳುವ ಕಾರಣ: ಸಡಿಲಗೊಂಡ ಹೃತ್ಕುಕ್ಷಿಯ ಒತ್ತಡವು ಅಪಧಮನಿಯ ಒತ್ತಡಕ್ಕಿಂತ ಕೆಳಗಿಳಿಯುವುದರಿಂದ. ಐದನೆಯದು: ‘ಹೃದಯದ ಬಲಭಾಗದಲ್ಲಿ, ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವಿನ ಕವಾಟಕ್ಕೆ ಎಷ್ಟು ದಳಗಳು?’ ಮೂರು. ಎಡಭಾಗದ್ದಕ್ಕೆ ಆರನೆಯ ಕಾರ್ಡು. ಆದರೆ ಅದನ್ನು ಅದೇ ದಿನ ಬರೆಯಬೇಡಿರೆಂದು ಹೇಳುತ್ತೇನೆ. ಒಂದನ್ನೊಂದು ಹೋಲುವ ಜೋಡಿಗಳನ್ನು ಒಟ್ಟಿಗೆ ಕಲಿಯತೊಡಗಿದರೆ ಅವು ಒಂದರೊಳಗೊಂದು ಹೊಸೆದುಕೊಳ್ಳುತ್ತವೆ. ಬಲದ ಮೂರು ಗಟ್ಟಿಯಾದ ಮೇಲೆ ಎಡದ ಎರಡು ಬರಲಿ.

ಕೇಳುಗರಲ್ಲಿ ಯಾರಿಗಾದರೂ ಒಂದು ಸಂಶಯ ಬಂದಿರಬಹುದು. ಮೂರನೆಯ ಮತ್ತು ನಾಲ್ಕನೆಯ ಕಾರ್ಡುಗಳೆರಡೂ ಒಂದೇ ತತ್ತ್ವದ ಎರಡು ನಿದರ್ಶನಗಳಲ್ಲವೇ, ಒತ್ತಡ ಹೆಚ್ಚಿರುವ ಕಡೆಯಿಂದ ಹಿಮ್ಮರಳಲು ಯತ್ನಿಸುವ ರಕ್ತವೇ ಕವಾಟವನ್ನು ಮುಚ್ಚುತ್ತದೆಯೆಂಬ ಒಂದೇ ಕಾರ್ಡು ಸಾಲದೇ ಎಂದು. ಇದು ಸಮಂಜಸವಾದ ಪ್ರಶ್ನೆ. ತತ್ತ್ವವನ್ನು ನಿಜವಾಗಿ ಗ್ರಹಿಸಿದವನಿಗೆ ಒಂದೇ ಸಾಕು. ಅವನ ವಿಷಯದಲ್ಲಿ ಒಂದನ್ನು ಮರೆತು ಇನ್ನೊಂದನ್ನು ನೆನೆಯುವ ಪ್ರಸಂಗವೇ ಒದಗದು. ಹೊಸದಾಗಿ ಕಲಿಯುವವನಿಗೆ ಅವು ಎರಡೇ. ಆದಕಾರಣ ವಿಚಾರವೊಂದರ ಅಳತೆಯು ಪುಸ್ತಕದಲ್ಲಿಲ್ಲ, ಕಲಿಯುವವನಲ್ಲಿದೆ. ಒಬ್ಬನ ಕಾರ್ಡುಗಳು ಇನ್ನೊಬ್ಬನಿಗೆ ಪೂರ್ತಿಯಾಗಿ ಒದಗದಿರುವುದಕ್ಕೂ, ಅಂಗಡಿಯಲ್ಲಿ ಕೊಂಡ ಸಿದ್ಧ ಕಾರ್ಡುಗಳು ಬೇಗನೆ ಮೂಲೆಗೆ ಸೇರುವುದಕ್ಕೂ ಇದೇ ಕಾರಣವೆಂದು ನಾನು ಭಾವಿಸುತ್ತೇನೆ.

ಅಂಕಿಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹೃದಯವು ನಿಮಿಷಕ್ಕೆ ಸುಮಾರು 72 ಸಲ ಬಡಿಯುತ್ತದೆ. ಪ್ರತಿಸಲವೂ ಒಂದೊಂದು ಹೃತ್ಕುಕ್ಷಿಯು ಸುಮಾರು 70 ಮಿಲಿಲೀಟರು ರಕ್ತವನ್ನು ಹೊರದೂಡುತ್ತದೆ. ಹೃದಯದ ಒಂದು ಆವರ್ತಕ್ಕೆ ಸುಮಾರು 0.8 ಸೆಕೆಂಡು ಹಿಡಿಯುತ್ತದೆ. ನಿಮಿಷವೊಂದಕ್ಕೆ ಹೊರಬೀಳುವ ರಕ್ತ ಸುಮಾರು 5 ಲೀಟರು. ನಾಲ್ಕು ಅಂಕಿಗಳಿಗೆ ನಾಲ್ಕು ಕಾರ್ಡುಗಳನ್ನು ಬರೆಯುವುದು ಅನಾವಶ್ಯಕ. 72 ಮತ್ತು 70, ಇವೆರಡಕ್ಕೆ ಮಾತ್ರ ಕಾರ್ಡು ಬೇಕು. 60ನ್ನು 72ರಿಂದ ಭಾಗಿಸಿದರೆ ಸುಮಾರು 0.8 ತಾನಾಗಿ ಬರುತ್ತದೆ. 70ನ್ನು 72ರಿಂದ ಗುಣಿಸಿದರೆ 5040 ಮಿಲಿಲೀಟರು ಬರುತ್ತದೆ. ಈ ಎರಡು ಲೆಕ್ಕಗಳನ್ನು ಕಾರ್ಡಿನಲ್ಲಿ ಲೆಕ್ಕಗಳಾಗಿಯೇ ಕೇಳಬೇಕು, ಅಂಕಿಯಾಗಿ ಕೇಳಬಾರದು. ವಿಲಿಯಂ ಹಾರ್ವೆಯು 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ರಕ್ತವು ಸುತ್ತಿಬರುತ್ತದೆಯೆಂದು ವಾದಿಸುವಾಗ ಹೂಡಿದ ಮುಖ್ಯ ಯುಕ್ತಿಗಳಲ್ಲಿ ಇಂಥ ಗುಣಾಕಾರವೇ ಒಂದು: ಬಡಿತವೊಂದಕ್ಕೆ ಹೊರಬೀಳುವ ರಕ್ತವನ್ನು ಬಡಿತಗಳ ಸಂಖ್ಯೆಯಿಂದ ಗುಣಿಸಿದರೆ, ಅರ್ಧ ಗಂಟೆಯಲ್ಲಿಯೇ ಶರೀರದಲ್ಲಿರುವುದಕ್ಕಿಂತ ಹೆಚ್ಚು ರಕ್ತ ಹೃದಯವನ್ನು ಹಾದುಹೋಗಬೇಕಾಗುತ್ತದೆ, ಅಷ್ಟನ್ನು ಉಂಡ ಆಹಾರದಿಂದ ಕ್ಷಣಕ್ಷಣವೂ ಹೊಸದಾಗಿ ಉತ್ಪಾದಿಸುವುದು ಅಸಾಧ್ಯ, ಆದುದರಿಂದ ಹೋದ ರಕ್ತವೇ ಹಿಂದಿರುಗಿ ಬರುತ್ತಿರಬೇಕು. ಆ ಲೆಕ್ಕವನ್ನು ಒಮ್ಮೆ ತಾನೇ ಮಾಡಿ ನೋಡಿದ ವಿದ್ಯಾರ್ಥಿಗೆ 5 ಲೀಟರೆಂಬುದು ಬಾಯಿಪಾಠದ ಅಂಕಿಯಾಗಿ ಉಳಿಯುವುದಿಲ್ಲ.

ಪಟ್ಟಿಗಳನ್ನು ಕುರಿತು ಎರಡೇ ಮಾತು. ‘ಬಿಳಿಯ ರಕ್ತಕಣಗಳ ಐದು ಬಗೆಗಳು ಯಾವುವು?’ ಎಂಬ ಕಾರ್ಡು ನಾಲ್ಕನ್ನು ಹೇಳಿದವನನ್ನೂ ಒಂದನ್ನೂ ಹೇಳದವನನ್ನೂ ಸಮಾನವಾಗಿ ದಂಡಿಸುತ್ತದೆ. ಪಟ್ಟಿಗೆ ಪಾಠದಲ್ಲಿಯೇ ಒಂದು ಕ್ರಮವಿದ್ದರೆ ಅದನ್ನು ಹಿಡಿಯಬೇಕು. ಇಲ್ಲಿ ಸಂಖ್ಯೆಯ ಕ್ರಮವಿದೆ: ಎಲ್ಲಕ್ಕಿಂತ ಹೆಚ್ಚಾಗಿರುವುದು ಯಾವುದು ಎಂದರೆ ನ್ಯೂಟ್ರೋಫಿಲ್, ಎಲ್ಲಕ್ಕಿಂತ ಕಡಿಮೆ ಯಾವುದು ಎಂದರೆ ಬೇಸೋಫಿಲ್, ನ್ಯೂಟ್ರೋಫಿಲಿನ ನಂತರದ ಸ್ಥಾನ ಯಾವುದಕ್ಕೆ ಎಂದರೆ ಲಿಂಫೋಸೈಟ್. ಹೀಗೆ ಒಂದೊಂದನ್ನೂ ಅದರ ಸ್ಥಾನದಿಂದ ಕೇಳಿದಾಗ ಪಟ್ಟಿಯು ತಾನೇ ಕೂಡಿಬರುತ್ತದೆ.

ನಾಲ್ಕನೆಯದಾಗಿ ಪ್ರಶ್ನೆಯ ಮಾತಿನ ದೋಷಗಳು. ವಿಚಾರವು ಒಂದೇ ಆಗಿದ್ದರೂ ಪ್ರಶ್ನೆಯ ಬಾಯಿ ಅಗಲವಾಗಿದ್ದರೆ ಕಾರ್ಡು ಕೆಡುತ್ತದೆ. ‘ಪುಪ್ಪುಸಕ ಅಪಧಮನಿಯೆಂದರೇನು?’ ಎಂಬ ಪ್ರಶ್ನೆಗೆ ‘ಬಲ ಹೃತ್ಕುಕ್ಷಿಯಿಂದ ಹೊರಡುವ ನಾಳ’ ಎಂಬುದೂ ಸರಿ, ‘ಶ್ವಾಸಕೋಶಕ್ಕೆ ಹೋಗುವ ನಾಳ’ ಎಂಬುದೂ ಸರಿ. ಹಿಂಬದಿಯಲ್ಲಿ ಇವೆರಡೂ ಅಲ್ಲದ ಮೂರನೆಯದೊಂದು ಬರೆದಿದ್ದರೆ, ವಿದ್ಯಾರ್ಥಿಯು ‘ನನಗೆ ಅದೂ ಗೊತ್ತಿತ್ತು’ ಎಂದು ತನ್ನನ್ನು ಕ್ಷಮಿಸಿಕೊಳ್ಳುತ್ತಾನೆ. ಕಾರ್ಡನ್ನು ಬರೆದು ಮುಗಿಸಿದೊಡನೆ, ವಿಷಯವನ್ನು ಬಲ್ಲ ಇಬ್ಬರು ಇದಕ್ಕೆ ಬೇರೆ ಬೇರೆ ಸರಿಯುತ್ತರಗಳನ್ನು ಕೊಡುವುದು ಸಾಧ್ಯವೇ ಎಂದು ಕೇಳಿಕೊಳ್ಳಬೇಕು. ಸಾಧ್ಯವಾದರೆ ಪ್ರಶ್ನೆಯನ್ನು ಕಿರಿದುಮಾಡಬೇಕು.

ಇದಕ್ಕೆ ವಿರುದ್ಧವಾದ ದೋಷವೂ ಉಂಟು: ಉತ್ತರವು ಪ್ರಶ್ನೆಯಿಂದಲೇ ಸೋರಿಹೋಗುವುದು. ‘ಎಡ ಹೃತ್ಕುಕ್ಷಿಯ ಗೋಡೆಯು ಬಲದ್ದಕ್ಕಿಂತ ದಪ್ಪವೇ?’ ಎಂದು ಕೇಳಿದರೆ ಏನೂ ಓದದವನೂ ಹೌದೆನ್ನುತ್ತಾನೆ. ‘ಯಾವ ಹೃತ್ಕುಕ್ಷಿಯ ಗೋಡೆ ಹೆಚ್ಚು ದಪ್ಪ?’ ಎಂದರೂ ಊಹೆಗೆ ಅರ್ಧಾಂಶ ಸಲ್ಲುತ್ತದೆ. ಅಂಥಲ್ಲಿ ‘ಎಡ ಹೃತ್ಕುಕ್ಷಿಯ ಗೋಡೆಯು ಬಲದ್ದಕ್ಕಿಂತ ದಪ್ಪವಾಗಿರುವುದೇಕೆ?’ ಎಂದು ಕಾರಣವನ್ನೇ ಕೇಳಬೇಕು. ಬಲ ಹೃತ್ಕುಕ್ಷಿಯು ರಕ್ತವನ್ನು ಸಮೀಪದ ಶ್ವಾಸಕೋಶಗಳಿಗೆ ದೂಡಿದರೆ ಸಾಕು, ಎಡದ್ದು ಹೆಚ್ಚಿನ ಒತ್ತಡದಿಂದ ಇಡೀ ಶರೀರಕ್ಕೆ ದೂಡಬೇಕು ಎಂಬ ಉತ್ತರವನ್ನು ಊಹೆಯಿಂದ ಹೇಳಲಾಗದು. ದಪ್ಪವಾವುದೆಂಬುದು ಕಾರಣದ ಬೆನ್ನಿಗೆ ಅಂಟಿಕೊಂಡೇ ನೆನಪಿನಲ್ಲಿ ಉಳಿಯುತ್ತದೆ.

ಇನ್ನೂ ಸೂಕ್ಷ್ಮವಾದ ಸೋರಿಕೆಯೆಂದರೆ ಪುಸ್ತಕದ ವಾಕ್ಯವನ್ನು ಹಾಗೆಯೇ ಎತ್ತಿ ಒಂದು ಪದವನ್ನು ಖಾಲಿಬಿಡುವ ಪದ್ಧತಿ. ಎರಡು ವಾರಗಳಲ್ಲಿ ವಿದ್ಯಾರ್ಥಿಯ ಕಣ್ಣು ವಾಕ್ಯದ ಆಕಾರವನ್ನೇ ಗುರುತಿಸತೊಡಗುತ್ತದೆ. ಪ್ರಶ್ನೆಯನ್ನು ಓದುವ ಮೊದಲೇ ಉತ್ತರ ನಾಲಗೆಗೆ ಬರುತ್ತದೆ. ಇದನ್ನು ಕಂಡುಹಿಡಿಯಲು ಸುಲಭೋಪಾಯವಿದೆ. ಕಾರ್ಡಿನಲ್ಲಿರುವುದನ್ನೇ ಬೇರೆ ಮಾತುಗಳಲ್ಲಿ ಸ್ನೇಹಿತನೊಬ್ಬನು ಕೇಳಲಿ. ಕಾರ್ಡಿಗೆ ಥಟ್ಟನೆ ಉತ್ತರಿಸುವವನು ಸ್ನೇಹಿತನೆದುರು ತಡವರಿಸಿದರೆ, ಅವನು ಕಲಿತದ್ದು ಕಾರ್ಡನ್ನು, ಹೃದಯವನ್ನಲ್ಲ.

ಕಡೆಯದಾಗಿ, ಕಾರ್ಡಿನ ಮಿತಿ. ಮಹಾಭಿಧಮನಿಯಿಂದ ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಪುಪ್ಪುಸಕ ಅಪಧಮನಿ, ಶ್ವಾಸಕೋಶ, ಪುಪ್ಪುಸಕ ಅಭಿಧಮನಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ ಎಂಬ ಪೂರ್ಣ ಮಾರ್ಗವನ್ನು ‘ಬಲ ಹೃತ್ಕುಕ್ಷಿಯನ್ನು ಬಿಟ್ಟ ರಕ್ತ ಎಲ್ಲಿಗೆ?’ ಎಂಬಂತೆ ಹೆಜ್ಜೆಹೆಜ್ಜೆಯಾಗಿ ಕಾರ್ಡುಗಳಲ್ಲಿ ಕೇಳಬಹುದು, ಕೇಳಲೂ ಬೇಕು. ಪ್ರತಿಯೊಂದು ಹೆಜ್ಜೆಯೂ ಬರುತ್ತದೆ. ಆದರೂ ಹೆಜ್ಜೆಗಳನ್ನೆಲ್ಲ ಬಲ್ಲ ವಿದ್ಯಾರ್ಥಿಯು ಇಡೀ ದಾರಿಯನ್ನು ಒಂದೇ ಉಸಿರಿನಲ್ಲಿ ನಡೆದು ತೋರಿಸಲಾರದೆ ನಿಂತುಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬಿಡಿಯಾಗಿ ಬಲ್ಲದ್ದನ್ನು ಜೋಡಿಸುವುದೇ ಪ್ರತ್ಯೇಕವಾದೊಂದು ಶಕ್ತಿ. ಒಂದು ಕಾರ್ಡಿಗೆ ಒಂದೇ ವಿಚಾರವೆಂಬ ನಿಯಮವು ಅದನ್ನು ಪರೀಕ್ಷಿಸುವುದಿಲ್ಲ, ಪರೀಕ್ಷಿಸಲಾರದು. ದೊಡ್ಡ ಉತ್ತರವನ್ನು ಬರೆಯುವುದೂ ಅಂದವಾಗಿ ಚಿತ್ರವನ್ನು ಬಿಡಿಸುವುದೂ ಇದೇ ಗುಂಪಿಗೆ ಸೇರಿದವು. ಇವುಗಳನ್ನು ಕಾರ್ಡಿನೊಳಗೆ ತುರುಕಲು ಹೋಗಿಯೇ ನಾವು ಮೊದಲು ನೋಡಿದ ಆ ಭಾರವಾದ ಕಾರ್ಡು ಹುಟ್ಟುತ್ತದೆ.

ಅದಕ್ಕಾಗಿ ವಾರಕ್ಕೊಮ್ಮೆ ಕಾರ್ಡಿನ ಪೆಟ್ಟಿಗೆಯನ್ನು ಮುಚ್ಚಿಟ್ಟು ಒಂದು ಖಾಲಿ ಹಾಳೆಯನ್ನು ತೆಗೆದುಕೊಳ್ಳುವಂತೆ ಹೇಳುತ್ತಿದ್ದೆ. ನಡುವೆ ಹೃದಯದ ನಾಲ್ಕು ಕೋಣೆಗಳ ಚೌಕವನ್ನಷ್ಟೇ ಬರೆದುಕೊಂಡು, ರಕ್ತದ ದಾರಿಯನ್ನು ಬಾಣಗಳಿಂದ ಎಳೆಯುತ್ತ, ಕವಾಟ ಬಂದಲ್ಲಿ ಅದರ ಹೆಸರನ್ನೂ ಅದು ಮುಚ್ಚುವ ಸಮಯವನ್ನೂ ಬರೆಯುತ್ತ, ಪುಸ್ತಕವನ್ನು ತೆರೆಯದೆ ಹೋಗಬೇಕು. ಲೇಖನಿ ಎಲ್ಲಿ ತಡೆಯುತ್ತದೆಯೋ ಅಲ್ಲೊಂದು ಸಣ್ಣ ಗುರುತು ಹಾಕಿ ಮುಂದುವರಿಯಬೇಕು. ಕೆಲಸ ಮುಗಿದ ಮೇಲೆ ಗುರುತುಗಳನ್ನು ಎಣಿಸಬೇಕು. ಅಪಧಮನಿಯ ಲಕ್ಷಣವನ್ನು ತಪ್ಪಾಗಿ ಕಲಿತಿದ್ದ ಆ ಹುಡುಗಿಯ ಹಾಳೆಯಲ್ಲಿ ಒಂದು ವಾರ ಎರಡೇ ಗುರುತುಗಳಿದ್ದವು. ಎರಡೂ ಪುಪ್ಪುಸಕ ಅಭಿಧಮನಿಯು ಎಡ ಹೃತ್ಕರ್ಣವನ್ನು ಸೇರುವ ಕಡೆಯವು. ಪೆಟ್ಟಿಗೆಯಲ್ಲಿ ಹುಡುಕಿ ನೋಡಿದರೆ, ಪುಪ್ಪುಸಕ ಅಪಧಮನಿಯನ್ನು ಕುರಿತು ಅವಳ ಬಳಿ ಆರು ಕಾರ್ಡುಗಳಿದ್ದವು. ಅಭಿಧಮನಿಯನ್ನು ಕುರಿತು ಒಂದೂ ಇರಲಿಲ್ಲ. ಅವಳು ಅಲ್ಲಿಯೇ ಕುಳಿತು ಎರಡು ಕಾರ್ಡುಗಳನ್ನು ಬರೆದು ಮೊದಲ ಖಾನೆಗೆ ಹಾಕಿದಳು.